ಗೊತ್ತಿದ್ದೂ ಷೇರು ಕೊಂಡವರು ಆಮೇಲೆ ಕ್ಲೇಮ್ ಮಾಡಬಹುದೇ?

ಒಂದು ಕಂಪನಿಯ ಎಲ್ಲ ಷೇರುಗಳೂ 100 ಕೋಟಿಗೆ ಮಾರಾಟವಾಗುತ್ತಿವೆ ಎಂದಿಟ್ಟುಕೊಳ್ಳಿ. ವರ್ಷದ ಕಾರ್ಯಾಚರಣೆ ಲಾಭ 12.5 ಕೋಟಿ. ಅದರ 8 ಪಟ್ಟನ್ನು ಬೆಲೆಯಾಗಿ ಕಟ್ಟಲಾಗಿದೆ. ‘ಯಾವ ದೊಡ್ಡ ಗ್ರಾಹಕರೂ ಒಪ್ಪಂದ ನಿಲ್ಲಿಸುವ ನೋಟೀಸ್ ಕೊಟ್ಟಿಲ್ಲ’ ಎಂದು ಮಾರುವವರು ವಾರಂಟಿ ಕೊಟ್ಟಿದ್ದಾರೆ. ಒಟ್ಟು ನಷ್ಟ 1 ಕೋಟಿ ದಾಟುವವರೆಗೆ ಕ್ಲೇಮ್ ಇಲ್ಲ, ದಾಟಿದರೆ ಮೊದಲ ರೂಪಾಯಿಯಿಂದಲೇ ಲೆಕ್ಕ. ನಷ್ಟ ತುಂಬಿಕೊಡುವ ಹೊಣೆಯ, ಅಂದರೆ ಇಂಡೆಮ್ನಿಟಿಯ, ಗರಿಷ್ಠ ಮಿತಿ ಅಥವಾ ಕ್ಯಾಪ್ 10 ಕೋಟಿ, ಕ್ಲೇಮ್‌ಗೆ ಗಡುವು 18 ತಿಂಗಳು. ಆದರೆ ಖರೀದಿದಾರರ ಪರಿಶೀಲನೆಗೆಂದು ದಾಖಲೆಗಳನ್ನಿಟ್ಟ ಡೇಟಾ ರೂಮಿನ ಪತ್ರವ್ಯವಹಾರದ ಫೋಲ್ಡರಿನಲ್ಲಿ ಒಬ್ಬ ದೊಡ್ಡ ಗ್ರಾಹಕರ ನೋಟೀಸ್ ಇದೆ. ವಾರಂಟಿಗೆ ಹೊರತಾದ ಸಂಗತಿಗಳನ್ನು ಮಾರುವವರು ಪಟ್ಟಿಮಾಡಿ ಕೊಡುವ ಡಿಸ್‌ಕ್ಲೋಷರ್ ಲೆಟರಿನಲ್ಲಿ ಅದರ ಸುದ್ದಿಯಿಲ್ಲ. ಖರೀದಿದಾರರ ತಂಡ ಅದನ್ನು ನೋಡಿದೆ, ಮಾತಾಡದೆ ಸಹಿ ಹಾಕಿದೆ. ಹಣ ಕೊಟ್ಟು ಷೇರು ಪಡೆಯುವ ಕ್ಲೋಸಿಂಗ್ ಆದ ನಾಲ್ಕು ತಿಂಗಳಿಗೆ ಆ ಗ್ರಾಹಕರು ಹೋದರು, ವರ್ಷಕ್ಕೆ 1.5 ಕೋಟಿ ಲಾಭವೂ ಹೋಯಿತು. ಈಗ ಕ್ಲೇಮ್ ನಿಲ್ಲಬೇಕೇ?

ಪರ: ನಿಲ್ಲಬೇಕು

ವಾರಂಟಿ ಎಂದರೆ ಸುದ್ದಿ ತಿಳಿಸುವ ಪತ್ರವಲ್ಲ. ಈ ಸಂಗತಿ ಸುಳ್ಳಾದರೆ ನಷ್ಟ ಯಾರದು ಎಂದು ಹಂಚಿಕೊಳ್ಳುವ ಮಾತು ಅದು. ಖರೀದಿದಾರರು ಆ ಮಾತಿಗೂ ಸೇರಿಸಿಯೇ 100 ಕೋಟಿ ಕೊಟ್ಟಿದ್ದಾರೆ. 1990ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಸಿಬಿಎಸ್ ಮತ್ತು ಜಿಫ್-ಡೇವಿಸ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಲಾಭದ ಅಂಕಿಗಳ ಬಗ್ಗೆ ಕ್ಲೋಸಿಂಗ್‌ಗೆ ಮೊದಲೇ ಅನುಮಾನ ಎದ್ದಿದ್ದರೂ, ಖರೀದಿದಾರರು ನಂಬಬೇಕಿದ್ದುದು ಅಂಕಿಗಳ ಸತ್ಯವನ್ನಲ್ಲ, ವಾರಂಟಿ ತಮಗೆ ಸಿಕ್ಕಿದೆ ಎಂಬುದನ್ನು ಎಂದು ಕೋರ್ಟು ಎತ್ತಿಹಿಡಿಯಿತು. ಅಲ್ಲಿ ಕ್ಲೋಸಿಂಗ್ ಮಾಡಿದ ಮಾತ್ರಕ್ಕೆ ಹಕ್ಕು ಬಿಟ್ಟಂತಲ್ಲ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು ಎಂಬುದನ್ನೂ ಗಮನಿಸಬೇಕು.

ತಿಳಿವಳಿಕೆಯನ್ನು ಕ್ಲೇಮ್‌ಗೆ ಅಡ್ಡ ಹಾಕಿದರೆ ಏನಾಗುತ್ತದೆ ನೋಡಿ. ಗ್ರಾಹಕರು ನೋಟೀಸ್ ಕೊಟ್ಟಿದ್ದರೇ ಎಂಬ ಪ್ರಶ್ನೆಗೆ ಒಂದು ಕಾಗದ ಸಾಕು. ಯಾರಿಗೆ, ಯಾವಾಗ, ಎಷ್ಟು ಗೊತ್ತಿತ್ತು ಎಂಬ ಪ್ರಶ್ನೆಗೆ ಖರೀದಿದಾರರ ಇಮೇಲ್‌ಗಳು, ಕೊಳ್ಳುವ ಮುನ್ನ ನಡೆಸಿದ ಡ್ಯೂ ಡಿಲಿಜೆನ್ಸ್ ತಪಾಸಣೆಯ ವರದಿಯ ಕರಡುಗಳು, ಸಲಹೆಗಾರರ ಸಾಕ್ಷ್ಯ ಎಲ್ಲವೂ ಬೇಕು. ಕ್ಲೇಮ್ ವಿಚಾರಣೆ ಮಾರಿದವರ ಮಾತಿನಿಂದ ಜಾರಿ ಕೊಂಡವರ ಮನಸ್ಸಿನೊಳಕ್ಕೆ ಹೋಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಸಾವಿರಾರು ದಾಖಲೆಗಳನ್ನು ಪುಟ ಬಿಡದೆ ಓದಿದವರು ಹಕ್ಕು ಕಳೆದುಕೊಳ್ಳುತ್ತಾರೆ, ಓದದೆ ಬಿಟ್ಟವರಿಗೆ ಹಣ ಸಿಗುತ್ತದೆ.

ಕಾಗದ ನೋಡಿದ್ದು ಬೇರೆ, ವಾರಂಟಿ ಮುರಿದಿದೆ ಎಂದು ಅರಿತದ್ದು ಬೇರೆ. ಬೆಲೆ ಇಳಿಸಿಕೊಳ್ಳಲು ನೋಟೀಸ್ ಕೊಟ್ಟು ಆಮೇಲೆ ಹಿಂತೆಗೆಯುವ ಗ್ರಾಹಕರು ಬಹಳ. ಫೋಲ್ಡರಿನ ಒಂದು ಪತ್ರದಿಂದ ಅದು ಇನ್ನೂ ಜಾರಿಯಲ್ಲಿದೆಯೇ ಎಂದು ತಿಳಿಯುವುದಿಲ್ಲ. ಅದನ್ನು ಬಲ್ಲವರು ಮಾರುವವರು. ಡಿಸ್‌ಕ್ಲೋಷರ್ ಲೆಟರಿನಲ್ಲಿ ಎರಡು ಸಾಲು ಬರೆದಿದ್ದರೆ ಅವರ ಹೊಣೆ ಅಲ್ಲಿಗೇ ಮುಗಿಯುತ್ತಿತ್ತು. ಇಷ್ಟಾದರೂ ಅವರಿಗೆ ಕ್ಯಾಪಿನ ರಕ್ಷಣೆ ಇದ್ದೇ ಇದೆ: 1.5 ಕೋಟಿಯ 8 ಪಟ್ಟು, ಅಂದರೆ 12 ಕೋಟಿ ನಷ್ಟದಲ್ಲಿ ಅವರು ಕೊಡುವುದು 10 ಮಾತ್ರ. ಉಳಿದ 2 ಕೋಟಿಯನ್ನು ಕೊಂಡವರೇ ಹೊರುತ್ತಾರೆ.

ಆದರೆ ಒಪ್ಪಂದ ಈ ವಿಷಯದಲ್ಲಿ ಸುಮ್ಮನಿರಬಾರದು. ಮಾರುವವರೇ ಬಾಯಿಬಿಟ್ಟು ಹೇಳಿದ ಮೇಲೂ ಹಕ್ಕು ಕಾದಿರಿಸದೆ ಕ್ಲೋಸಿಂಗ್ ಮಾಡಿದರೆ ಆ ವಾರಂಟಿಯನ್ನು ಬಿಟ್ಟುಕೊಟ್ಟಂತೆ ಎಂದು ನ್ಯೂಯಾರ್ಕ್ ಕಾನೂನಿನಡಿ 1992ರ ಗಲ್ಲಿ ಮತ್ತು ಮೆಟ್ಜ್ ತೀರ್ಪು ಹೇಳುತ್ತದೆ. ಹಾಗಾಗಿ ಷರತ್ತು ನೇರವಾಗಿರಲಿ: ‘ಖರೀದಿದಾರರು ನಡೆಸಿದ ತಪಾಸಣೆಯಾಗಲಿ, ಯಾವ ಮೂಲದಿಂದಲಾದರೂ ಅವರಿಗಿದ್ದ ತಿಳಿವಳಿಕೆಯಾಗಲಿ ವಾರಂಟಿ ಮತ್ತು ಇಂಡೆಮ್ನಿಟಿ ಹಕ್ಕನ್ನು ಕುಗ್ಗಿಸುವುದಿಲ್ಲ.’ ಜೊತೆಗೆ ಇಂಡೆಮ್ನಿಟಿ ಷರತ್ತಿನಲ್ಲಿ ‘ಖರೀದಿದಾರರು ನಂಬಿದ ವಾರಂಟಿಗಳು’ ಎಂಬಂಥ ಪದಗಳು ನುಸುಳಿವೆಯೇ ಎಂದು ಹುಡುಕಿ ತೆಗೆಯಬೇಕು. ಮುಂದಿನ ಬಾಗಿಲಲ್ಲಿ ಹೊರಗಿಟ್ಟ ವಾದ ಆ ಒಂದು ಪದದಿಂದ ಹಿತ್ತಲಿನಿಂದ ಒಳಬರುತ್ತದೆ.

ವಿರೋಧ: ನಿಲ್ಲಬಾರದು

ಮೇಲಿನ ವಾದದಲ್ಲಿ 12 ಕೋಟಿ ಎಂಬ ಅಂಕಿ ಎಲ್ಲಿಂದ ಬಂತು? ನೋಟೀಸಿನ ವಿಷಯ ಗೊತ್ತಿಲ್ಲದವರು 12.5 ಕೋಟಿ ಲಾಭದ ಮೇಲೆ ಬೆಲೆ ಕಟ್ಟಿದ್ದರೆ ಆ ಲೆಕ್ಕ ಸರಿ. ಗೊತ್ತಿದ್ದವರು ತಮ್ಮೊಳಗಿನ ಲೆಕ್ಕದಲ್ಲಿ ಆ 1.5 ಕೋಟಿಯನ್ನು ಆಗಲೇ ಕಳೆದು, ಆದರೂ 100 ಕೋಟಿ ಕೊಡಬಹುದು ಎಂದು ನಿರ್ಧರಿಸಿದ್ದರೆ, ವಾರಂಟಿ ಮುರಿದದ್ದರಿಂದ ಆದ ನಷ್ಟ ಯಾವುದು? ಅವರು ಕ್ಲೇಮ್ ಮೂಲಕ ಪಡೆಯುವುದು ಪರಿಹಾರವಲ್ಲ, ಚೌಕಾಸಿಯಲ್ಲಿ ಕೇಳದೆ ಉಳಿಸಿಕೊಂಡ ಶೇ 10ರ ರಿಯಾಯಿತಿ. ಮಾರಿದವರಿಗೆ ಮಾತ್ರ ಬೆಲೆ ತಗ್ಗಿಸುವ, ಆ ಗ್ರಾಹಕರೊಡನೆ ಮಾತಾಡುವ, ಬೇಡವೆನಿಸಿದರೆ ಮಾರಾಟವನ್ನೇ ಕೈಬಿಡುವ ಅವಕಾಶ ತಪ್ಪಿತು. ಪತ್ರ ಡಿಸ್‌ಕ್ಲೋಷರ್ ಲೆಟರಿನಿಂದ ಬಿಟ್ಟುಹೋದದ್ದು ಹೆಚ್ಚಿನ ಸಲ ವಂಚನೆಯಿಂದಲ್ಲ. ಮಾರಾಟ ವಿಭಾಗ ಡೇಟಾ ರೂಮಿಗೆ ಹಾಕಿದ್ದನ್ನು ಕಾನೂನು ವಿಭಾಗ ಪಟ್ಟಿಗೆ ಸೇರಿಸದೆ ಇರುತ್ತದೆ, ಅಷ್ಟೆ. ಬಚ್ಚಿಡಬೇಕೆಂದಿದ್ದವರು ಅದನ್ನು ಫೋಲ್ಡರಿಗೆ ಹಾಕುತ್ತಲೇ ಇರಲಿಲ್ಲ.

ಓದಿದವರಿಗೆ ಶಿಕ್ಷೆ ಎಂಬ ಆಕ್ಷೇಪ ಗಂಭೀರವಾದದ್ದೇ. ಅದಕ್ಕೆ ಉತ್ತರ ತಿಳಿವಳಿಕೆಯ ವ್ಯಾಖ್ಯೆಯಲ್ಲಿದೆ. ‘ತಿಳಿದಿರಬೇಕಿತ್ತು’ ಎಂಬುದನ್ನು ಪೂರ್ತಿ ಬಿಡಿ. ಖರೀದಿದಾರರ ಕಡೆಯ ಮೂರು ಜನರನ್ನು ಹೆಸರಿಸಿ, ಅವರ ನಿಜವಾದ ತಿಳಿವಳಿಕೆಗೆ ಮಾತ್ರ ಕಟ್ಟುಹಾಕಿ. ಸಂಗತಿ ಗೊತ್ತಿದ್ದರೆ ಸಾಲದು, ಅದರಿಂದ ಕ್ಲೇಮ್ ಹುಟ್ಟುತ್ತದೆ ಎಂಬುದೂ ಗೊತ್ತಿರಬೇಕು ಎಂದು ಸೇರಿಸಿ. ಸಾಬೀತುಪಡಿಸುವ ಹೊರೆ ಮಾರಿದವರ ಮೇಲಿರಲಿ. ಷೇರುಗಳ ಒಡೆತನದ ವಾರಂಟಿಯನ್ನು ಇದರಿಂದ ಹೊರಗಿಡಿ, ಅದು ಯಾವ ಸ್ಥಿತಿಯಲ್ಲೂ ನಿಲ್ಲಬೇಕು. ಹೀಗೆ ಬರೆದರೆ ತಂಡದ ಕಿರಿಯರೊಬ್ಬರು ಪತ್ರ ತೆರೆದು ನೋಡಿದ್ದಕ್ಕೆ ಯಾರ ಹಕ್ಕೂ ಹೋಗುವುದಿಲ್ಲ. ಪತ್ರ ಆ ಮೂವರ ಮುಂದಿನ ವರದಿಯಲ್ಲಿ ‘ಕೆಂಪು’ ಗುರುತಿನೊಂದಿಗೆ ಬಂದು, ಅವರು ಓದಿ ಮುಂದೆ ಹೋಗಿದ್ದರೆ ಮಾತ್ರ ಬಾಗಿಲು ಮುಚ್ಚುತ್ತದೆ.

ಗೊತ್ತಿರುವ ಅಪಾಯಕ್ಕೆ ಸರಿಯಾದ ಸಾಧನ ನಿರ್ದಿಷ್ಟ ಇಂಡೆಮ್ನಿಟಿ. ವಾರಂಟಿ ಕ್ಲೇಮ್‌ಗಿಂತ ಅದು ಖರೀದಿದಾರರಿಗೇ ಲಾಭ ಎಂಬುದನ್ನು ಎದುರು ವಾದದವರು ಹೇಳಲಿಲ್ಲ. ‘ಈ ಗ್ರಾಹಕರು 12 ತಿಂಗಳೊಳಗೆ ಬಿಟ್ಟರೆ ಮಾರಿದವರು ಕೊಡತಕ್ಕದ್ದು’ ಎಂದು ಬರೆದು ಸಾಮಾನ್ಯ ಮಿತಿಗಳಿಂದ ಹೊರಗಿಟ್ಟರೆ, 1 ಕೋಟಿಯ ಮಿತಿ ಅದಕ್ಕೆ ಅನ್ವಯಿಸದು, 10 ಕೋಟಿಯ ಸಾಮಾನ್ಯ ಕ್ಯಾಪ್ ಬೇರೆ ಅಪಾಯಗಳಿಗೆ ಪೂರ್ತಿ ಉಳಿಯುತ್ತದೆ, ಇದಕ್ಕೆ 12 ಕೋಟಿಯ ಪ್ರತ್ಯೇಕ ಕ್ಯಾಪ್ ಇಡಬಹುದು. ನಷ್ಟ ಎಣಿಸುವ ಸೂತ್ರವನ್ನೂ ಅಲ್ಲೇ ಬರೆದರೆ 8 ಪಟ್ಟೋ ಒಂದು ವರ್ಷದ ಲಾಭವೋ ಎಂಬ ಜಗಳವೂ ಇಲ್ಲ. ಬೆಲೆಯ ಅಷ್ಟು ಭಾಗವನ್ನು ಮೂರನೆಯವರ ಕೈಯಲ್ಲಿರುವ ಎಸ್ಕ್ರೋ ಖಾತೆಯಲ್ಲಿಟ್ಟರೆ ವಸೂಲಿಗೆ ಮಾರಿದವರ ಹಿಂದೆ ಓಡಬೇಕಿಲ್ಲ. ಸಾಮಾನ್ಯ ಕ್ಯಾಪಿನಿಂದ 10 ಕೋಟಿ ತೆಗೆದವರಿಗೆ ಆಮೇಲೆ ಅದೇ ಕ್ಯಾಪಿನಡಿ ಬರುವ ತೆರಿಗೆ ಬೇಡಿಕೆಗೋ ಕಾರ್ಮಿಕ ಬಾಕಿಗೋ ಒಂದು ಪೈಸೆಯೂ ಉಳಿಯುವುದಿಲ್ಲ.

ಮಾರಿದವರು ಬೇಕೆಂದೇ ಸುಳ್ಳು ವಾರಂಟಿ ಕೊಟ್ಟಿದ್ದರೆ ಮಾತು ಬೇರೆ. ಅಂಥ ಸುಳ್ಳಿಗೆ ಕ್ಯಾಪ್ ಕೂಡ ಗುರಾಣಿಯಾಗದು ಎಂದು 2006ರ ಆಬ್ರಿ ತೀರ್ಪಿನಲ್ಲಿ ಡೆಲವೇರ್ ಚಾನ್ಸರಿ ಕೋರ್ಟ್ ಹೇಳಿದೆ. ಆದರೆ ನಾವು ಚರ್ಚಿಸುತ್ತಿರುವುದು ಮೇಜಿನ ಎರಡೂ ಕಡೆಯವರು ಅದೇ ಕಾಗದವನ್ನು ನೋಡಿದ ಪ್ರಸಂಗ.

ವಾರಂಟಿ ಮುರಿದಾಗ ಖರೀದಿದಾರರ ನಷ್ಟ ತುಂಬುವ ವಾರಂಟಿ ವಿಮೆಯಿರುವ ವ್ಯವಹಾರದಲ್ಲಿ ಪರ ವಾದದ ಷರತ್ತು ಒಪ್ಪಂದದಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ ಈ ಕ್ಲೇಮ್‌ನಿಂದ ವಿಮೆಯ ಹಣ ಬರುವುದಿಲ್ಲ. ಖರೀದಿ ತಂಡಕ್ಕೆ ಗೊತ್ತಿದ್ದ ದೋಷವನ್ನು ಪಾಲಿಸಿಗಳು ಹೊರಗಿಡುತ್ತವೆ. ಜೊತೆಗೆ ಸಹಿಯ ಹೊತ್ತಿಗೆ ಒಮ್ಮೆ, ಕ್ಲೋಸಿಂಗ್‌ಗೆ ಇನ್ನೊಮ್ಮೆ, ಯಾವ ಉಲ್ಲಂಘನೆಯೂ ತಮಗೆ ತಿಳಿದಿಲ್ಲ ಎಂಬ ಘೋಷಣೆಗೆ ಆ ತಂಡದ ಹೆಸರಿಸಿದ ಸದಸ್ಯರಿಂದಲೇ ಸಹಿ ಪಡೆಯುತ್ತವೆ. ನೋಟೀಸ್ ಓದಿದವರು ಆ ಘೋಷಣೆಗೆ ಸಹಿ ಹಾಕುವ ಮುನ್ನವೇ ಮಾರುವವರ ಮುಂದೆ ವಿಷಯ ಎತ್ತಬೇಕು.