ಟರ್ನೋವರ್ ಸಾಲನ್ನೂ ಓದಿ

“ಮ್ಯೂಚುವಲ್ ಫಂಡ್‌ನ ವೆಚ್ಚ ಅನುಪಾತ ನೋಡಿದರೆ ಸಾಕು, ಎಲ್ಲ ಖರ್ಚೂ ಅದರಲ್ಲೇ ಇದೆ.”

ಎಲ್ಲವೂ ಇಲ್ಲ. ಫ್ಯಾಕ್ಟ್‌ಶೀಟ್‌ನಲ್ಲಿ ಪೋರ್ಟ್‌ಫೋಲಿಯೋ ಟರ್ನೋವರ್ ಎಂಬ ಸಾಲೂ ಇರುತ್ತದೆ. ವರ್ಷದ ಖರೀದಿ, ಮಾರಾಟ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಸರಾಸರಿ ನಿಧಿಯಿಂದ ಭಾಗಿಸಿದ ಅಂಕಿ ಅದು. ಹಾಗಾಗಿ ಶೇ 100 ಎಂದರೆ ಕನಿಷ್ಠ ನಿಧಿಯಷ್ಟೇ ಮೊತ್ತದ ಷೇರು ಮಾರಿದ್ದಾರೆ, ಕನಿಷ್ಠ ಅಷ್ಟೇ ಕೊಂಡೂ ಇದ್ದಾರೆ. ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ಎರಡೂ ಕಡೆ ಶೇ 0.1, ನಿಮ್ಮ 10 ಲಕ್ಷಕ್ಕೆ 2,000 ರೂಪಾಯಿ ಅಲ್ಲೇ ಹೋಯಿತು. ಮುದ್ರಾಂಕ ಶುಲ್ಕ, ಬ್ರೋಕರೇಜ್ ಬೇರೆ.

ಇದಾದರೂ ಲೆಕ್ಕಕ್ಕೆ ಸಿಗುತ್ತದೆ. ಸಿಗದಿರುವುದು ಬೇರೆ: ದೊಡ್ಡ ಫಂಡ್ ಒಂದು ಸ್ಮಾಲ್‌ಕ್ಯಾಪ್ ಷೇರು ಮಾರಲು ಹೊರಟರೆ ಅದರ ಒತ್ತಡಕ್ಕೇ ಬೆಲೆ ಇಳಿಯುತ್ತದೆ. 200 ರೂಪಾಯಿ ಇದ್ದ ಷೇರು ಸರಾಸರಿ 198ಕ್ಕೆ ಮಾರಾಟವಾದರೆ ಶೇ 1 ನಷ್ಟ. ರಸೀದಿ ಇಲ್ಲ, ಫಂಡ್‌ನ ಯೂನಿಟ್ ಬೆಲೆಯಾದ ಎನ್‌ಎವಿಯಲ್ಲೇ ಕರಗಿರುತ್ತದೆ. ನಮ್ಮ ಕೊಡಗಿನಲ್ಲಿ ಸಾಗಣೆ ಖರ್ಚು ಮುರಿದುಕೊಂಡೇ ವ್ಯಾಪಾರಿ ಕಾಫಿಗೆ ದರ ಹೇಳಿದ ಹಾಗೆ.

ಆದರೆ ಆರ್ಬಿಟ್ರೇಜ್ ಫಂಡ್‌ನ ಟರ್ನೋವರ್ ನೋಡಿ ಗಾಬರಿ ಬೇಡ. ಅಲ್ಲಿ ಷೇರು ಮತ್ತು ಅದರ ಫ್ಯೂಚರ್ಸ್ ಬೆಲೆಗಳ ಅಂತರದಿಂದ ಲಾಭ ಪಡೆಯಲು ಎರಡನ್ನೂ ಪದೇ ಪದೇ ಬದಲಿಸುವುದೇ ಕೆಲಸ. ಹೋಲಿಕೆ ಏನಿದ್ದರೂ ಒಂದೇ ವರ್ಗದ ಫಂಡ್‌ಗಳ ನಡುವೆ.