ಫೋನ್ ಬಿಸಿಯಾದರೆ ಕ್ಯಾಶ್ ಬಿಡಿ, ಮೊದಲು ಸಿಗ್ನಲ್ ನೋಡಿ

ಫೋನ್ ಬಿಸಿಯಾಗಿ ಸ್ಲೋ ಆದರೆ ಎಲ್ಲರದ್ದೂ ಒಂದೇ ಸಲಹೆ. ಕ್ಯಾಶ್ ಕ್ಲಿಯರ್ ಮಾಡಿ, ಆ್ಯಪ್‌ಗಳನ್ನೆಲ್ಲ ಸ್ವೈಪ್ ಮಾಡಿ ತೆಗೆಯಿರಿ, ಡೆವಲಪರ್ ಆಪ್ಷನ್ಸ್‌ನಲ್ಲಿ ಆನಿಮೇಷನ್ 0.5x ಮಾಡಿ. ಕೊಡಗಿನ ತೋಟದ ಮನೆಗಳಲ್ಲಿ ಈ ಮೂರೂ ಹೆಚ್ಚಾಗಿ ಗುರಿ ತಪ್ಪುತ್ತವೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸುಂಟಿಕೊಪ್ಪದ ನಮ್ಮ ಅತ್ತೆಯ ಫೋನ್ ಸುಮ್ನೆ ಮೇಜಿನ ಮೇಲಿದ್ದರೂ ಬಿಸಿಯಾಗುತ್ತಿತ್ತು. ಅಕ್ಕನ ಮಗ ಈ ಮೂರನ್ನೂ ಮಾಡಿಕೊಟ್ಟಿದ್ದ. ಮೆನು ಚಕಚಕ ತೆರೆಯುತ್ತಿತ್ತು, ಬಿಸಿ ಮಾತ್ರ ಹಾಗೇ ಇತ್ತು. ಆಗೋದೇ ಹಾಗೆ. ಡೆವಲಪರ್ ಆಪ್ಷನ್ಸ್‌ನ Window animation scale, Transition animation scale, Animator duration scale ಈ ಮೂರು ಸೆಟ್ಟಿಂಗ್‌ಗಳೂ ಪರದೆಯ ಚಲನೆ ಎಷ್ಟು ಹೊತ್ತು ನಡೆಯಬೇಕು ಅನ್ನುವುದನ್ನಷ್ಟೇ ಬದಲಿಸುತ್ತವೆ. 1x ಇದ್ದದ್ದು 0.5x ಆದರೆ ಚಲನೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಕಣ್ಣಿಗೆ ಫೋನ್ ಚುರುಕಾಗಿ ಕಾಣುತ್ತದೆ, ಪ್ರೊಸೆಸರ್ ಮಾತ್ರ ಅದೇ.

ಕ್ಯಾಶ್ ಅಂದರೆ ಆ್ಯಪ್ ಮತ್ತೆ ಬೇಕಾದೀತು ಎಂದು ಎತ್ತಿಟ್ಟುಕೊಂಡ ಚಿತ್ರ, ಪುಟಗಳು. ಸ್ಟೋರೇಜ್ ತುಂಬಿ ಹೋಗಿದ್ದರೆ, ಅಥವಾ ಒಂದು ಆ್ಯಪ್ ತಪ್ಪು ತಪ್ಪಾಗಿ ನಡೆಯುತ್ತಿದ್ದರೆ ಅಳಿಸಿ. ದಿನಾ ಅಳಿಸಿದರೆ ಅದನ್ನೆಲ್ಲ ಫೋನ್ ಮತ್ತೆ ಇಳಿಸಿಕೊಳ್ಳಬೇಕು. ಸಿಗ್ನಲ್ ಒಂದೇ ಗೆರೆ ಇರುವ ಕಡೆ ಇದು ಜಾಸ್ತಿ ಬಿಸಿಗೇ ದಾರಿ. ಸ್ವೈಪ್ ಮಾಡುವುದೂ ಅಷ್ಟೇ. ಹಿನ್ನೆಲೆಯಲ್ಲಿ ತಣ್ಣಗೆ ಕೂತಿದ್ದ ಆ್ಯಪ್ ಮುಂದಿನ ಸಲ ಮೊದಲಿನಿಂದ ಏಳಬೇಕು, ಅದಕ್ಕೆ ಕೆಲಸ ಹೆಚ್ಚು. ಡೆವಲಪರ್ ಆಪ್ಷನ್ಸ್‌ನಲ್ಲೇ ಇರುವ, ಹಿನ್ನೆಲೆ ಆ್ಯಪ್‌ಗಳಿಗೆ ಮಿತಿ ಹಾಕುವ Background process limit ಅನ್ನು ಸೊನ್ನೆ ಮಾಡಿದರೂ ಅದೇ ಕಥೆ.

ಅತ್ತೆಯ ಫೋನಿನ ಬ್ಯಾಟರಿ ಪುಟ ತೆಗೆದು ನೋಡಿದೆ. ಮೇಲ್ಗಡೆ ಇದ್ದದ್ದು ಯಾವ ಆ್ಯಪ್ ಕೂಡ ಅಲ್ಲ, ಮೊಬೈಲ್ ನೆಟ್‌ವರ್ಕ್. ಟವರ್ ದೂರ, ನಡುವೆ ಗುಡ್ಡ ಮತ್ತು ಸಿಲ್ವರ್ ಓಕ್ ಮರಗಳು. ದೂರದ ಟವರ್‌ಗೆ ದನಿ ಮುಟ್ಟಿಸಲು ಫೋನ್ ತನ್ನ ರೇಡಿಯೋ ಶಕ್ತಿಯನ್ನು ಏರಿಸುತ್ತದೆ, ಸಿಗ್ನಲ್ ಹೋಗಿ ಬಂದಾಗಲೆಲ್ಲ ಮತ್ತೆ ಹುಡುಕುತ್ತದೆ. ಅದರಿಂದ ಬಿಸಿ. ಬಿಸಿ ಒಂದು ಮಿತಿ ದಾಟಿದರೆ ಫೋನೇ ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರ್ ವೇಗ ತಗ್ಗಿಸುತ್ತದೆ. ನಾವು ಸ್ಲೋ ಅನ್ನುವುದು ಇದನ್ನೇ.

ಪರೀಕ್ಷೆ ಸುಲಭ. ಚಾರ್ಜರ್ ತೆಗೆದು, ಏರ್‌ಪ್ಲೇನ್ ಮೋಡ್ ಹಾಕಿ, ಮನೆಯ ವೈಫೈ ಮಾತ್ರ ಆನ್ ಮಾಡಿ ಅರ್ಧ ಗಂಟೆ ಬಿಡಿ. ತಣ್ಣಗಾದರೆ ಕಾರಣ ಹೆಚ್ಚಾಗಿ ಸಿಗ್ನಲ್. ಅತ್ತೆಯ ಫೋನಿನಲ್ಲಿ ಹಾಗೇ ಆಯಿತು. ಆಮೇಲೆ ವೈಫೈ ಕಾಲಿಂಗ್ ಆನ್ ಮಾಡಿದೆವು. 5ಜಿ ಬಂದು ಹೋಗಿ ಮಾಡುತ್ತಿದ್ದದ್ದರಿಂದ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಇಳಿಸಿದೆವು. ಮಾತು ಮಧ್ಯದಲ್ಲಿ ಕಡಿಯುವುದು ನಿಂತಿತು, ಫೋನ್ ಕೈಯಲ್ಲಿ ಹಿಡಿಯುವಂತಾಯಿತು. ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಮಳೆಗಾಲದಲ್ಲಿ ಆ ಕಷ್ಟ ಇದ್ದೇ ಇದೆ. ರೂಟರ್‌ಗೆ ಯುಪಿಎಸ್ ಇದ್ದರೆ ಒಳ್ಳೆಯದು.

ಏರ್‌ಪ್ಲೇನ್ ಮೋಡ್‌ನಲ್ಲೂ ಬಿಸಿ ಇಳಿಯದಿದ್ದರೆ ಆಗ ಆ್ಯಪ್‌ಗಳ ಕಡೆ ನೋಡಿ. ಬ್ಯಾಟರಿ ಪುಟದಲ್ಲಿ ಹೆಚ್ಚು ತಿನ್ನುವ ಒಂದೇ ಆ್ಯಪ್ ಹಿಡಿದು, ಅದರ ಹಿನ್ನೆಲೆ ಬಳಕೆಯನ್ನು ಮಾತ್ರ ತಡೆಯಿರಿ. ಹಿಂಬದಿ ಉಬ್ಬಿದಂತಿದ್ದರೆ ಚಾರ್ಜ್ ಹಾಕಬೇಡಿ, ನೇರ ರಿಪೇರಿ ಅಂಗಡಿಗೆ ಕೊಡಿ.