ಜನವರಿಯಲ್ಲಿ ಕೊಂಡ ಹೊಸ ಕಾರು, ಆರ್‌ಸಿಯಲ್ಲಿ ಹಿಂದಿನ ವರ್ಷ

2025ರ ಜನವರಿಯಲ್ಲಿ ನಮ್ಮ ಭಾವ ಶೋರೂಮ್ ಬೆಲೆ ಹತ್ತು ಲಕ್ಷದ ಕಾರೊಂದನ್ನು 35 ಸಾವಿರ ರೂಪಾಯಿ ರಿಯಾಯಿತಿಯಲ್ಲಿ ಕೊಂಡರು. ಆರ್‌ಸಿ ಕೈಸೇರಿದಾಗ ನೋಂದಣಿ ದಿನಾಂಕ 2025 ಎಂದಿದ್ದರೂ, ತಯಾರಿಕೆಯ ತಿಂಗಳು 11/2024 ಎಂದಿತ್ತು. ರಿಯಾಯಿತಿ ಏಕೆ ಸಿಕ್ಕಿತೆಂಬುದು ಅಂದು ತಿಳಿಯಿತು. ಶೋರೂಮಿನವರು ಮೊದಲೇ ಹೇಳಬೇಕಿತ್ತು. ಅವರು ಹೇಳಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ‘ಯಾವ ಮಾಡೆಲ್?’ ಎಂದು ಕೇಳುವವರು ಸಾಮಾನ್ಯವಾಗಿ ತಯಾರಾದ ವರ್ಷವನ್ನೇ ನೋಡುತ್ತಾರೆ, ತಿಂಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದ್ದರಿಂದಲೇ 2024ರ ಜನವರಿಯಲ್ಲಿ ತಯಾರಾಗಿ ಹನ್ನೊಂದು ತಿಂಗಳು ಯಾರ್ಡಿನಲ್ಲಿ ನಿಂತ ಕಾರನ್ನು ಡಿಸೆಂಬರಿನಲ್ಲಿ ಕೊಂಡವರಿಗೆ ಮಾಡೆಲ್ ವರ್ಷ ನಷ್ಟವಾಗುವುದಿಲ್ಲ. ಡಿಸೆಂಬರಿನಲ್ಲಿ ತಯಾರಾದ ಕಾರನ್ನು ಮರುತಿಂಗಳೇ ಕೊಂಡವರಿಗೆ ಮಾತ್ರ ಒಂದು ವರ್ಷ ಕೈತಪ್ಪುತ್ತದೆ. ಮೊದಲನೆಯವರು ಬ್ಯಾಟರಿಯನ್ನೂ ಟೈರಿನ ತಯಾರಿಕೆ ದಿನಾಂಕವನ್ನೂ ಪರೀಕ್ಷಿಸಬೇಕು (ಟೈರಿನ ಮೇಲೆ 0224 ಎಂದಿದ್ದರೆ ಅದು 2024ರ ಎರಡನೆಯ ವಾರದ್ದು). ಎರಡನೆಯವರು ಬೆಲೆಯನ್ನು ಚರ್ಚಿಸಬೇಕು.

ಎಷ್ಟು ಇಳಿಸಿದರೆ ಸರಿ? ಭಾವ ಕಾರನ್ನು ನಾಲ್ಕು ವರ್ಷಗಳ ನಂತರ ಮಾರುತ್ತಾರೆಂದುಕೊಳ್ಳೋಣ. ಅಷ್ಟೇ ಓಡಿದ 2025ರ ಮಾಡೆಲ್‌ಗೆ ಆಗ ಆರು ಲಕ್ಷ, 2024ರದಕ್ಕೆ ಐದೂವರೆ ಲಕ್ಷ ಸಿಗುವುದಾದರೆ, 35 ಸಾವಿರದ ಲಾಭ ಪಡೆದವರು 50 ಸಾವಿರ ಕಳೆದುಕೊಂಡಂತಾಯಿತು. ನಿಮ್ಮ ಕಾರಿನ ಈ ಅಂತರವನ್ನು ತಿಳಿಯಲು ಅದೇ ಮಾದರಿಯ, ನಾಲ್ಕೈದು ವರ್ಷ ಹಳೆಯ ಎರಡು ಅನುಕ್ರಮ ವರ್ಷಗಳ ಕಾರುಗಳ ಬೆಲೆಯನ್ನು ಇಂದೇ ಹೋಲಿಸಿ ನೋಡಬಹುದು. ಜನವರಿಯ ಬೆಲೆ ಏರಿಕೆ ಹಳೆಯ ದಾಸ್ತಾನಿಗೆ ಅನ್ವಯಿಸದಿದ್ದರೆ ಆ ಉಳಿತಾಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಈ ಅಂತರ ಬಹಳ ಕಿರಿದಾಗುವುದರಿಂದ, ಅಂಥವರು ಒಳ್ಳೆಯ ರಿಯಾಯಿತಿಯಲ್ಲಿ ಹಳೆಯ ದಾಸ್ತಾನನ್ನೇ ಕೊಳ್ಳುವುದು ಜಾಣತನವೆಂದು ನಾನು ನಂಬುತ್ತೇನೆ.

‘ಇದು ಹೊಸ ಮಾಡೆಲ್’ ಎಂಬ ಮಾರಾಟಗಾರರ ಮಾತು ಇನ್ನೊಂದು ಗೊಂದಲ. ಅಮೆರಿಕದಲ್ಲಿ ಮುಂದಿನ ಮಾಡೆಲ್ ವರ್ಷದ ಕಾರು ಹಿಂದಿನ ವರ್ಷದಲ್ಲೇ ಮಾರಾಟಕ್ಕೆ ಬರುವುದು ರೂಢಿ. ನಮ್ಮಲ್ಲಿ ಆ ಮಾತಿನ ಅರ್ಥ ಹೊಸ ವಿನ್ಯಾಸವೆಂದಷ್ಟೇ ಇರಬಹುದು. ಹದಿನೇಳು ಅಕ್ಷರಗಳ ಚಾಸಿಸ್ ಸಂಖ್ಯೆಯಲ್ಲಿ ವರ್ಷದ ಗುರುತು ಅಡಗಿರುತ್ತದೆ. ಹತ್ತನೆಯ ಸ್ಥಾನದಲ್ಲಿ ವರ್ಷವನ್ನು ಸೂಚಿಸುವ ಪದ್ಧತಿಯಲ್ಲಿ `R` ಎಂದರೆ 2024, `S` ಎಂದರೆ 2025. ಆದರೆ ತಿಂಗಳನ್ನು ಸೂಚಿಸುವ ರೀತಿ ಎಲ್ಲ ಕಂಪನಿಗಳಲ್ಲಿ ಒಂದೇ ಆಗಿಲ್ಲವಾದ್ದರಿಂದ, ಅಂತಿಮವಾಗಿ ನೋಂದಣಿಗೆ ಸಲ್ಲಿಸುವ ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ನಮೂದಾಗಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನೇ ನೋಡಬೇಕು.

ಪೂರ್ತಿ ಹಣ ಕಟ್ಟುವ ಮೊದಲು ಚಾಸಿಸ್ ಸಂಖ್ಯೆಯನ್ನು ಬರಹದಲ್ಲಿ ಪಡೆದು, ಯಾರ್ಡಿಗೆ ಹೋಗಿ ಕಾರಿನ ಮೇಲಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ಆ ಹಂತದಲ್ಲಿ ಬೇರೆ ಕಾರನ್ನೋ ಹೆಚ್ಚಿನ ರಿಯಾಯಿತಿಯನ್ನೋ ಕೇಳಲು ಅವಕಾಶವಿರುತ್ತದೆ. ನೋಂದಣಿಯಾದ ಮೇಲೆ ಭಾವ ಎಷ್ಟು ಓಡಾಡಿದರೂ ಶೋರೂಮಿನವರು ಕಾರನ್ನು ಬದಲಿಸಿಕೊಡಲಿಲ್ಲ.